ಒಂದೇ ಕೋರಿಕೆ, ಒಂದು ಫಾರ್ವರ್ಡ್: ಪುಣೆಯ ಪದವೀಧರೆ ಮತ್ತು ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್

ಮನೆ ಪುಣೆಯ ನಿಗಡಿಯಲ್ಲಿ, ಹಿರಿಯರ ಊರು ಜಮಖಂಡಿ ಕಡೆ. 2025ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ ಹುಡುಗಿ, ಸಿಜಿಪಿಎ 7.1. ಮೂರನೇ ವರ್ಷದ ಹೀಟ್ ಟ್ರಾನ್ಸ್‌ಫರ್ ಪೇಪರು ಬಾಕಿ ಉಳಿದು ಕೊನೆಯ ಸೆಮಿಸ್ಟರಿನ ಫಲಿತಾಂಶದ ಜೊತೆಗೆ ಪಾಸಾಯಿತು. ಕ್ಯಾಂಪಸ್‌ಗೆ ಬಂದ ಬಹುತೇಕ ಕಂಪನಿಗಳು ಅರ್ಜಿಯಲ್ಲೇ ‘ಬಾಕಿ ವಿಷಯ ಇರಬಾರದು’ ಎಂದು ಬರೆದಿದ್ದರಿಂದ ಇಡೀ ವರ್ಷ ಒಂದು ಇಂಟರ್‌ವ್ಯೂಗೂ ಅವಳು ಕೂರಲಾಗಲಿಲ್ಲ. ಈಗ ಬಾಕಿ ಇಲ್ಲ, ಡಿಗ್ರಿ ಇದೆ, ಆದರೆ ಕ್ಯಾಂಪಸ್ಸಿನ ಬಾಗಿಲು ಮುಚ್ಚಿದೆ. ಇಂಥವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಅವರ ಪರಿಸ್ಥಿತಿಯನ್ನು ಇಟ್ಟುಕೊಂಡು ಕಟ್ಟಿದ ಮಾದರಿ ಪ್ರಕರಣ ಇದು. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ, ಕಂಪನಿಯ ಹೆಸರೂ ಇಲ್ಲ.

ಅದೇ ವರ್ಷದ ಜುಲೈ 21ರಂದು ಅವಳು ಕಾಲೇಜಿನ ಟಿಪಿಒಗೆ, ಅಂದರೆ ಟ್ರೇನಿಂಗ್ ಅಂಡ್ ಪ್ಲೇಸ್‌ಮೆಂಟ್ ಅಧಿಕಾರಿಗೆ, ಒಂದು ಮೇಲ್ ಕಳಿಸಿದಳು. ಮೇಲ್ ಇಂಗ್ಲಿಷಿನಲ್ಲಿತ್ತು, ಅದರ ಒಕ್ಕಣೆ ಇಷ್ಟು: “ಗೌರವಾನ್ವಿತ ಸರ್, ನಾನು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿ. ಪಾಸಾದರೂ ಇನ್ನೂ ಕೆಲಸ ಸಿಕ್ಕಿಲ್ಲ. ಯಾವ ಕಂಪನಿಯಲ್ಲಾದರೂ ಜಾಗ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ನನ್ನ ಸಿವಿ ನೋಡಿ ಏನಾದರೂ ತಿದ್ದಬೇಕಿದ್ದರೆ ಹೇಳಿ. ಸೀನಿಯರ್‌ಗಳ ನಂಬರ್ ಇದ್ದರೆ ಕೊಡಿ. ಯಾವ ಊರಾದರೂ, ಯಾವ ಕೆಲಸವಾದರೂ ಸರಿ.” ಪ್ರತಿಯನ್ನು ವಿಭಾಗದ ಮುಖ್ಯಸ್ಥರಿಗೂ ಪ್ರಿನ್ಸಿಪಾಲರಿಗೂ ಹಾಕಿದ್ದಳು. ಸಿವಿಯನ್ನು ಗೂಗಲ್ ಡ್ರೈವ್ ಲಿಂಕಾಗಿ ಕೊಟ್ಟಿದ್ದಳು. ಮೂರು ವಾರ ಕಳೆದರೂ ಉತ್ತರವಿಲ್ಲ. “ಸರ್‌ಗ ಒಂದು ಫೋನ್ ಹಚ್ಚಬಾರದೇನ?” ಎಂದು ಅಪ್ಪ ದಿನಾ ಕೇಳುತ್ತಿದ್ದರು. ಫೋನ್ ಹಚ್ಚಿದರೂ ಹೆಚ್ಚೇನೂ ಆಗುತ್ತಿರಲಿಲ್ಲ, ಯಾಕೆಂದರೆ ತಪ್ಪು ಕೋರಿಕೆಯಲ್ಲೇ ಇತ್ತು.

ಮೇಜಿನ ಆ ಕಡೆ

ಮೇಲ್ ತೆರೆಯುವ ಮನುಷ್ಯನ ಕೈಯಲ್ಲಿ ಜುಲೈ–ಆಗಸ್ಟ್‌ನಲ್ಲಿ ಏನಿರುತ್ತದೆ ಎಂದು ಮೊದಲು ನೋಡಬೇಕು. ಸಾಮಾನ್ಯ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಎಂದರೆ ಒಬ್ಬ ಟಿಪಿಒ, ಒಬ್ಬ ಸಹಾಯಕ, ಪ್ರತಿ ವಿಭಾಗದಿಂದ ಪಾಠದ ಜೊತೆಗೆ ಈ ಹೊಣೆಯನ್ನೂ ಹೊತ್ತ ಒಬ್ಬ ಅಧ್ಯಾಪಕ, ಓಡಾಡಲು ಒಂದಷ್ಟು ವಿದ್ಯಾರ್ಥಿ ಸಂಯೋಜಕರು. ಹೊಸ ಅಂತಿಮ ವರ್ಷದವರ ನೇಮಕಾತಿ ಡ್ರೈವ್‌ಗಳು ಶುರುವಾಗುವುದು ಆಗಲೇ. ಕಂಪನಿಗೆ ಬೇಕಾದ ಪಟ್ಟಿ, ಲ್ಯಾಬ್ ಬುಕಿಂಗ್, ಪರೀಕ್ಷೆಯ ಲಿಂಕ್, ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಳ್ಳುವ ಹುಡುಗರು, ಇವುಗಳಲ್ಲೇ ಅವರ ದಿನ ಮುಗಿಯುತ್ತದೆ. ಪಾಸಾಗಿ ಹೋದವರಿಗೆ ಅವರ ದಿನಚರಿಯಲ್ಲಿ ಗೊತ್ತುಮಾಡಿದ ಜಾಗವೇ ಇಲ್ಲ.

ಹಾಗೆಂದು ಅವರಿಗೆ ಈ ಹುಡುಗಿ ಬೇಡವಾದವಳಲ್ಲ. ಕಾಲೇಜು ತನ್ನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ವರದಿಯಲ್ಲಿ, ಹೊರಹೋದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ಎಷ್ಟು ಮಂದಿ ಮುಂದೆ ಓದಿದರು ಎಂಬ ಲೆಕ್ಕಕ್ಕೆ ಪ್ರತ್ಯೇಕ ಅಂಶವೇ ಇದೆ. ಕಾಲೇಜುಗಳ ಶ್ರೇಯಾಂಕ ಮಾಡುವ ಎನ್‌ಐಆರ್‌ಎಫ್ ಕೂಡ ಕೆಲಸಕ್ಕೆ ಸೇರಿದವರ ಸಂಖ್ಯೆಯನ್ನೂ ಅವರ ಸಂಬಳದ ಮಧ್ಯಾಂಕವನ್ನೂ ಕೇಳುತ್ತದೆ. ಅಂದರೆ ಟಿಪಿಒ ಕಂಪ್ಯೂಟರಿನ ಎಕ್ಸೆಲ್ ಹಾಳೆಯೊಂದರಲ್ಲಿ ಅವಳ ಹೆಸರಿನ ಮುಂದೆ ಒಂದು ಖಾನೆ ಖಾಲಿ ಇದೆ, ಅದು ತುಂಬಿದರೆ ಅವರಿಗೂ ಒಳ್ಳೆಯದೇ. ಇದನ್ನು ಮೇಲ್‌ನಲ್ಲಿ ಎತ್ತಿ ಆಡುವ ಅಗತ್ಯವಿಲ್ಲ, ಆಡಿದರೆ ಸೊಕ್ಕಿನ ಮಾತಾಗುತ್ತದೆ. ಆದರೆ ಭಿಕ್ಷೆ ಬೇಡುವ ಧಾಟಿಯೂ ಬೇಕಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಂಗತಿ ಹುಡುಗರಿಗೆ ಗೊತ್ತೇ ಇರುವುದಿಲ್ಲ. ‘ಪಾಸಾದವರು ಇದ್ದರೆ ಕಳಿಸಿ, ತಕ್ಷಣ ಸೇರಬೇಕು’ ಎಂಬ ಮೇಲ್‌ಗಳು ಸಣ್ಣ ಮತ್ತು ಮಧ್ಯಮ ಕಂಪನಿಗಳಿಂದ ಸೆಲ್‌ಗೆ ಬರುತ್ತಲೇ ಇರುತ್ತವೆ. ಅವು ವಾಟ್ಸಾಪ್ ಗುಂಪಿಗೆ ಹೋಗುತ್ತವೆ, ಆದರೆ ಪಾಸಾದ ಬ್ಯಾಚಿನ ಗುಂಪು ಅಷ್ಟರಲ್ಲಿ ಮಲಗಿರುತ್ತದೆ. ಕಾಲೇಜು ಕೊಟ್ಟ ಮೇಲ್ ಐಡಿಯನ್ನೂ ಎಷ್ಟೋ ಕಡೆ ಮುಚ್ಚಿರುತ್ತಾರೆ. ಸುಳಿವು ಬಂದರೂ ಅದು ತಲುಪುವ ದಾರಿ ಇಲ್ಲ. ನಮ್ಮ ಹುಡುಗಿಯ ವಿಷಯದಲ್ಲೂ ಸೆಲ್‌ನ ಬಳಿ ಇದ್ದದ್ದು ಕಾಲೇಜಿನ ಹಳೆಯ ಐಡಿಯೇ.

ಈಗ ಅವಳ ಮೊದಲ ಮೇಲ್‌ಗೆ ಮರಳೋಣ. ಅದರಲ್ಲಿ ಕೋರಿಕೆಗಳು ಮೂರು: ಖಾಲಿ ಜಾಗ, ಸಿವಿ ತಿದ್ದುವುದು, ನಂಬರುಗಳು. ಮೊದಲನೆಯದಕ್ಕೆ ಉತ್ತರಿಸಲು ಟಿಪಿಒ ತಾನೇ ಕುಳಿತು ಹುಡುಕಬೇಕು, ಎರಡನೆಯದಕ್ಕೆ ಅರ್ಧ ಗಂಟೆ ಬೇಕು, ಮೂರನೆಯದನ್ನು ಅವರು ಕೊಡುವಂತಿಲ್ಲ. ಇನ್ನೊಬ್ಬರ ಫೋನ್ ನಂಬರನ್ನು ಅವರ ಒಪ್ಪಿಗೆಯಿಲ್ಲದೆ ಹಂಚುವುದು ಮೊದಲೂ ಸರಿಯಿರಲಿಲ್ಲ. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯ್ದೆಯೇ ಬಂದಿದೆ. ಹೀಗೆ ಮೂರೂ ಕೈಗೆ ಒಗ್ಗದಾಗ ಮೇಲ್ ‘ಆಮೇಲೆ ನೋಡೋಣ’ದ ಗುಡ್ಡೆಗೆ ಸೇರುತ್ತದೆ. ‘ಯಾವ ಕೆಲಸವಾದರೂ ಸರಿ’ ಎಂಬ ಮಾತು ಬರೆದವಳಿಗೆ ವಿನಯ, ಓದುವವನಿಗೆ ಹೊರೆ. ಹುಡುಕಾಟದ ಪೂರ್ತಿ ಕೆಲಸವನ್ನು ಅದು ಅವನ ಹೆಗಲಿಗೆ ದಾಟಿಸುತ್ತದೆ. ಮೂವರಿಗೆ ಪ್ರತಿ ಹೋಗಿದ್ದರಿಂದ ಪ್ರತಿಯೊಬ್ಬರೂ ಉಳಿದಿಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಂಡರು. ಗೂಗಲ್ ಡ್ರೈವ್ ಲಿಂಕ್ ಒತ್ತಿದರೆ ‘ಅನುಮತಿ ಕೇಳಿ’ ಎಂದು ಬಂತು. ವಿಷಯದ ಸಾಲಿನಲ್ಲಿ ಇದ್ದದ್ದು ‘ಕೆಲಸದ ಬಗ್ಗೆ’ ಎಂದಷ್ಟೇ. ಆಗಸ್ಟ್‌ನಲ್ಲಿ ಯಾರೋ ಕ್ವಾಲಿಟಿ ವಿಭಾಗಕ್ಕೆ ಮೆಕ್ಯಾನಿಕಲ್ ಹುಡುಗರನ್ನು ಕೇಳಿದರೂ, ಇನ್‌ಬಾಕ್ಸ್‌ನಲ್ಲಿ ‘ಮೆಕ್ಯಾನಿಕಲ್ 2025’ ಎಂದು ಹುಡುಕಿದರೆ ಅವಳ ಮೇಲ್ ಸಿಗುತ್ತಿರಲಿಲ್ಲ.

ಒಂದು ಕೋರಿಕೆಯನ್ನು ಆರಿಸಿದ್ದು

ಎರಡನೇ ಪ್ರಯತ್ನಕ್ಕೆ ಮುನ್ನ ಅವಳು ಎರಡು ಸಂಜೆ ಬರೀ ಹುಡುಕಾಟಕ್ಕೆ ಕೊಟ್ಟಳು. ಮೊದಲು ತೆರೆದದ್ದು ಕಾಲೇಜಿನ ವೆಬ್‌ಸೈಟ್. ಹಿಂದಿನ ವರ್ಷಗಳಲ್ಲಿ ಬಂದ ಕಂಪನಿಗಳ ಪಟ್ಟಿ ಪ್ಲೇಸ್‌ಮೆಂಟ್ ಪುಟದಲ್ಲೋ, ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಗಾಗಿ ಪ್ರಕಟಿಸುವ ಮ್ಯಾಂಡೇಟರಿ ಡಿಸ್‌ಕ್ಲೋಷರ್ ಕಡತದಲ್ಲೋ ಇರುತ್ತದೆ. ಅದರಲ್ಲಿ ಚಾಕಣ್, ತಳವಡೆ, ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ವಾಹನ ಬಿಡಿಭಾಗಗಳ ಕಾರ್ಖಾನೆಗಳನ್ನಷ್ಟೇ ಬೇರೆ ಮಾಡಿದಾಗ ಒಂಬತ್ತು ಉಳಿದವು. ನಿಗಡಿಯಿಂದ ದಿನಾ ಹೋಗಿಬರಬಹುದಾದ ಜಾಗಗಳಿವು, ಅದೂ ಒಂದು ಲೆಕ್ಕವೇ.

ಆಮೇಲೆ ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಪುಟ ತೆರೆದು, ‘ಅಲಮ್ನೈ’ ಎಂಬ ಭಾಗದಲ್ಲಿ ಆ ಒಂಬತ್ತು ಕಂಪನಿಗಳ ಹೆಸರನ್ನು ಒಂದೊಂದಾಗಿ ಹಾಕಿ ನೋಡಿದಳು. ಅಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಓದಿದ ವರ್ಷ, ಊರು, ಕಂಪನಿ, ಕೆಲಸದ ಬಗೆ ಇವುಗಳಿಂದ ಸೋಸಬಹುದು. ನಾಲ್ಕು ಕಂಪನಿಗಳಲ್ಲಿ ತಮ್ಮ ಕಾಲೇಜಿನವರು ಸಿಕ್ಕರು. ಚಾಕಣ್‌ನಲ್ಲಿ ಬ್ರೇಕಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ 2019ರ ಬ್ಯಾಚಿನ ಸೀನಿಯರ್ ಒಬ್ಬರು ಸಪ್ಲೈಯರ್ ಕ್ವಾಲಿಟಿಯಲ್ಲಿದ್ದರು, ಅಂದರೆ ಹೊರಗಿನ ವರ್ಕ್‌ಶಾಪುಗಳಿಂದ ಬರುವ ಮಾಲಿನ ಗುಣಮಟ್ಟ ನೋಡಿಕೊಳ್ಳುವ ಕೆಲಸ.

ಇವರನ್ನೇ ಆರಿಸಲು ಕಾರಣ ಅವಳ ಕೊನೆಯ ವರ್ಷದ ಪ್ರಾಜೆಕ್ಟು. ಭೋಸರಿಯ ಸಣ್ಣ ಮಷಿನಿಂಗ್ ಶಾಪೊಂದರಲ್ಲಿ ರಂಧ್ರದ ಒಳವ್ಯಾಸ ಅಳೆಯುವ ಬೋರ್ ಗೇಜ್ ಮೇಲೆ ಗೇಜ್ ಆರ್ ಅಂಡ್ ಆರ್ ಅಧ್ಯಯನ ಮಾಡಿದ್ದಳು. ಹತ್ತು ಬಿಡಿಭಾಗ, ಮೂವರು ಅಳೆಯುವವರು, ಒಬ್ಬೊಬ್ಬರೂ ಮೂರು ಸಲ, ಒಟ್ಟು 90 ಅಳತೆ. ಅಳತೆಯಲ್ಲಿ ಕಾಣುವ ಏರುಪೇರಿನಲ್ಲಿ ಗೇಜಿನದೂ ಅಳೆಯುವವರದೂ ಪಾಲೆಷ್ಟು ಎಂಬುದನ್ನು ಇದು ಹೇಳುತ್ತದೆ. ಆ ಪಾಲು 10 ಶೇಕಡಾದೊಳಗಿದ್ದರೆ ಸರಿ, 10ರಿಂದ 30ರ ನಡುವೆ ಇದ್ದರೆ ಸಂದರ್ಭ ನೋಡಿ ಒಪ್ಪಬಹುದು, 30 ದಾಟಿದರೆ ಆ ಅಳತೆಯನ್ನು ನಂಬುವಂತಿಲ್ಲ. ಇದು ವಾಹನ ಉದ್ಯಮದಲ್ಲಿ ನಡೆದುಬಂದ ರೂಢಿ. ಅವಳ ಮೊದಲ ಲೆಕ್ಕ 34 ಬಂತು. ಬಿಡಿಭಾಗವನ್ನು ಕೈಯಲ್ಲಿ ಹಿಡಿದು ಅಳೆಯುವ ಬದಲು ಫಿಕ್ಸ್ಚರ್‌ನಲ್ಲಿ ಕೂರಿಸಿ, ಯಾವ ಆಳದಲ್ಲಿ ಅಳೆಯಬೇಕೆಂದು ಗುರುತು ಹಾಕಿಕೊಟ್ಟ ಮೇಲೆ 18ಕ್ಕೆ ಇಳಿಯಿತು. ಸಪ್ಲೈಯರ್ ಕ್ವಾಲಿಟಿಯವರಿಗೆ ಈ ಎರಡು ಸಂಖ್ಯೆ ಸಾಕು, ಸಿಜಿಪಿಎ ನೋಡುವ ಮೊದಲೇ ಅವರು ಕಿವಿಗೊಡುತ್ತಾರೆ. ಬೇರೆ ಮೂರು ಕಂಪನಿಗಳಲ್ಲಿದ್ದವರು ಮಾರಾಟ, ಸಾಫ್ಟ್‌ವೇರ್, ಖರೀದಿ ವಿಭಾಗದವರು. ಅಲ್ಲಿ ಇದೇ 34 ಮತ್ತು 18 ಯಾರಿಗೂ ಏನೂ ಹೇಳುವುದಿಲ್ಲ.

ಆ ಸೀನಿಯರ್‌ಗೆ ನೇರವಾಗಿ ಲಿಂಕ್ಡ್‌ಇನ್‌ನಲ್ಲೇ ಬರೆಯಬಹುದಿತ್ತಲ್ಲ ಎಂದು ಕೇಳಬಹುದು. ಬರೆಯಬಹುದು, ತಪ್ಪಿಲ್ಲ. ಆದರೆ ಗುರುತಿಲ್ಲದವರ ಸಂದೇಶಗಳು ಅಂಥವರಿಗೆ ಬಹಳ ಬರುತ್ತವೆ, ಟಿಪಿಒ ಹೆಸರಿನಿಂದ ಬಂದ ಮೇಲ್ ತೆರೆದುಕೊಳ್ಳುತ್ತದೆ. ಮೊದಲು ನೇರವಾಗಿ ಬರೆದು ಉತ್ತರ ಬರದೆ, ಆಮೇಲೆ ಟಿಪಿಒ ಮೂಲಕ ಹೋದರೆ ಮಾತ್ರ ಎರಡೂ ಕಡೆ ಮುಜುಗರ. ಹಾಗಾಗಿ ದಾರಿ ಒಂದನ್ನೇ ಹಿಡಿಯಬೇಕು.

ಕೋರಿಕೆ ಕೊನೆಗೆ ಹೀಗೆ ನಿಂತಿತು: ಕೆಳಗಿನ ಟಿಪ್ಪಣಿಯನ್ನು ಆ ಸೀನಿಯರ್‌ಗೆ ಫಾರ್ವರ್ಡ್ ಮಾಡಿ, 15 ನಿಮಿಷ ಮಾತಾಡಲು ಒಪ್ಪುತ್ತಾರಾ ಎಂದು ಕೇಳಬಹುದೇ? ಕೆಲಸ ಕೊಡಿಸಿ ಎಂದಲ್ಲ, ನಂಬರ್ ಕೊಡಿ ಎಂದೂ ಅಲ್ಲ. ಟಿಪಿಒ ತನ್ನ ಹೆಸರನ್ನು ಒತ್ತೆಯಿಡಬೇಕಿಲ್ಲ, ಸೀನಿಯರ್ ಬೇಡವೆಂದರೆ ಅಲ್ಲಿಗೇ ಮುಗಿಯಿತು, ನಂಬರ್ ಯಾರ ಕೈಗೂ ಹೋಗುವುದಿಲ್ಲ. ಕೋರಿಕೆ ಒಂದೇ ಹೌದೋ ಅಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಮೇಲ್ ಓದಿದವರು ಹೊಸದಾಗಿ ಒಂದು ಸಾಲೂ ಬರೆಯದೆ ಅದನ್ನು ಪೂರೈಸಬಹುದೇ? ಬರೆಯಲೇಬೇಕಾದರೆ ಬರೆಯುವ ಕೆಲಸ ಇನ್ನೂ ನಮ್ಮ ಕಡೆಯೇ ಬಾಕಿ ಇದೆ ಎಂದರ್ಥ.

ಎರಡನೇ ಮೇಲ್

ಆಗಸ್ಟ್ 12, ಮಂಗಳವಾರ ಬೆಳಗ್ಗೆ ಕಳಿಸಿದಳು. ಆ ದಿನ ಕ್ಯಾಂಪಸ್ಸಿನಲ್ಲಿ ಡ್ರೈವ್ ಇಲ್ಲವೆಂದು ಜೂನಿಯರ್ ಒಬ್ಬನಿಂದ ತಿಳಿದುಕೊಂಡಿದ್ದಳು. ಆಗಸ್ಟ್ 27ಕ್ಕೆ ಗಣೇಶ ಚತುರ್ಥಿ. ಪುಣೆಯಲ್ಲಿ ಗಣಪತಿ ಕೂತ ಮೇಲೆ ವಿಸರ್ಜನೆಯವರೆಗೆ ಕಚೇರಿಯ ಕೆಲಸ ಕುಂಟುತ್ತದೆ, ಅದಕ್ಕೂ ಮುಂಚೆ ಎರಡು ವಾರವಾದರೂ ಇರಲಿ ಎಂಬ ಲೆಕ್ಕ. ಈ ಸಲ ಟಿಪಿಒ ಒಬ್ಬರಿಗೇ, ತನ್ನ ಸ್ವಂತ ಐಡಿಯಿಂದ ಕಳಿಸಿದಳು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

“ವಿಷಯ: ಮೆಕ್ಯಾನಿಕಲ್ 2025 – ಹಳೆಯ ವಿದ್ಯಾರ್ಥಿನಿಯೊಬ್ಬರಿಗೆ ಒಂದು ಟಿಪ್ಪಣಿ ಫಾರ್ವರ್ಡ್ ಮಾಡುವ ಕೋರಿಕೆ

ಸರ್, ನಾನು ಮೆಕ್ಯಾನಿಕಲ್ 2025ರ ಬ್ಯಾಚಿನವಳು, ನನ್ನ ನೋಂದಣಿ ಸಂಖ್ಯೆ ಪಿಆರ್‌ಎನ್ ಕೆಳಗಿದೆ. ಮೂರನೇ ವರ್ಷದ ಒಂದು ವಿಷಯ ಬಾಕಿ ಇದ್ದುದರಿಂದ ಕ್ಯಾಂಪಸ್ ಡ್ರೈವ್‌ಗಳಿಗೆ ಅರ್ಹಳಾಗಿರಲಿಲ್ಲ. ಈಗ ಎಲ್ಲ ವಿಷಯ ಪಾಸಾಗಿದೆ.

ನನ್ನ ಕೋರಿಕೆ ಒಂದೇ: ಚಾಕಣ್‌ನ ಬ್ರೇಕ್ ಬಿಡಿಭಾಗದ ಕಾರ್ಖಾನೆಯಲ್ಲಿರುವ 2019ರ ಬ್ಯಾಚಿನ ಸೀನಿಯರ್‌ಗೆ ಕೆಳಗಿನ ಟಿಪ್ಪಣಿಯನ್ನು ಫಾರ್ವರ್ಡ್ ಮಾಡಿ, ನನ್ನ ಜೊತೆ 15 ನಿಮಿಷ ಫೋನಿನಲ್ಲಿ ಮಾತಾಡಲು ಒಪ್ಪುತ್ತಾರಾ ಎಂದು ಕೇಳಬಹುದೇ? ಅವರ ನಂಬರ್ ನನಗೆ ಬೇಡ, ಒಪ್ಪಿದರೆ ಅವರೇ ಬರೆಯಲಿ. ಇದು ಸೂಕ್ತವಲ್ಲ ಎಂದು ನಿಮಗನಿಸಿದರೆ ‘ಬೇಡ’ ಎಂದರೆ ಸಾಕು.

(ಟಿಪ್ಪಣಿ) ನಮಸ್ಕಾರ ಮೇಡಂ. ನಾನು ನಮ್ಮ ಕಾಲೇಜಿನ 2025ರ ಮೆಕ್ಯಾನಿಕಲ್ ಪದವೀಧರೆ. ಬೋರ್ ಗೇಜ್ ಮೇಲೆ ಆರ್ ಅಂಡ್ ಆರ್ ಅಧ್ಯಯನ ಮಾಡಿ, ಫಿಕ್ಸ್ಚರ್ ಅಳವಡಿಸಿ 34 ಶೇಕಡಾದಿಂದ 18ಕ್ಕೆ ಇಳಿಸಿದ್ದೇನೆ. ಚಾಕಣ್ ಭಾಗದಲ್ಲಿ ಹೊಸ ಪದವೀಧರರು ಕ್ವಾಲಿಟಿ ಕೆಲಸಕ್ಕೆ ಯಾವ ದಾರಿಯಿಂದ ಸೇರುತ್ತಾರೆ ಎಂದು ನಿಮ್ಮಿಂದ ತಿಳಿಯುವ ಆಸೆ. ಸಂಜೆ ಏಳರ ಮೇಲೆ ಯಾವ ದಿನವಾದರೂ ಬಿಡುವಾಗಿರುತ್ತೇನೆ. ನನ್ನ ಫೋನ್ ನಂಬರ್ ಸಿವಿಯಲ್ಲಿದೆ.”

ಸಿವಿ ಒಂದೇ ಪುಟ, ಪಿಡಿಎಫ್, ಮೇಲ್‌ಗೇ ಲಗತ್ತಿಸಿದ್ದು. ಕಡತದ ಹೆಸರಿನಲ್ಲೇ ಅವಳ ಹೆಸರು, ವಿಭಾಗ, ವರ್ಷ. ಮೇಲ್‌ನ ಕೊನೆಯಲ್ಲಿ “ಸೆಲ್‌ನ ದಾಖಲೆಯಲ್ಲಿ ದಯವಿಟ್ಟು ಈ ಐಡಿ ಇಟ್ಟುಕೊಳ್ಳಿ” ಎಂಬ ಮಾತು. ಇದು ಎರಡನೇ ಕೋರಿಕೆಯಲ್ಲವೇ ಎಂದು ತಕರಾರು ತೆಗೆಯಬಹುದು. ಉತ್ತರ ಬೇಡದ ಮಾಹಿತಿ ಅದು, ಹಾಗಾಗಿ ಸಹಿಯ ಕೆಳಗೆ ನಡೆಯುತ್ತದೆ.

ಬಾಕಿ ವಿಷಯವನ್ನು ಅವಳು ಮುಚ್ಚಿಡಲಿಲ್ಲ, ಅದಕ್ಕೆ ಅಳಲೂ ಇಲ್ಲ. ಟಿಪಿಒ ಕೈಯಲ್ಲಿ ಪಟ್ಟಿ ಇದ್ದೇ ಇರುತ್ತದೆ. ‘ಇವಳು ಡ್ರೈವ್‌ಗೆ ಯಾಕೆ ಬರಲಿಲ್ಲ’ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಮೊದಲೇ ಏಳುತ್ತದೆ, ಒಂದು ವಾಕ್ಯದಲ್ಲಿ ಉತ್ತರಿಸಿದರೆ ಅಲ್ಲಿಗೇ ನಿಲ್ಲುತ್ತದೆ. ಇನ್ನೂ ಕಷ್ಟದ ಸ್ಥಿತಿ ಎಂದರೆ ಡ್ರೈವ್‌ಗೆ ಹೆಸರು ಕೊಟ್ಟು ತಪ್ಪಿಸಿಕೊಂಡವರದು, ಇಲ್ಲವೇ ಆಫರ್ ಪಡೆದು ಸೇರದೆ ಹೋದವರದು. ಕಂಪನಿಯ ಎದುರು ಮುಖ ಕಳೆದುಕೊಂಡದ್ದನ್ನು ಯಾವ ಟಿಪಿಒನೂ ಮರೆಯುವುದಿಲ್ಲ. ಅಂಥವರು ಮೊದಲು ಅದನ್ನೇ ಒಪ್ಪಿಕೊಂಡು ಬರೆಯಬೇಕು. ಹಾಗೆ ಬರೆದರೂ ಪರಿಚಯ ಸಿಗದೇ ಹೋಗಬಹುದು.

ಸೀನಿಯರ್‌ರ ಅಡ್ಡಹೆಸರು ನೋಡಿದಾಗ ಅವರೂ ಕನ್ನಡದವರೇ ಎಂದು ಅವಳಿಗೆ ಗೊತ್ತಾಗಿತ್ತು. ಟಿಪ್ಪಣಿಯಲ್ಲಿ ‘ನಾನೂ ಕನ್ನಡದವಳು’ ಎಂದು ಸೇರಿಸುವ ಆಸೆಯಾಗಿ ಬಿಟ್ಟುಬಿಟ್ಟಳು. ಸರಿಯಾಗಿಯೇ ಮಾಡಿದಳು. ಆ ಟಿಪ್ಪಣಿಯನ್ನು ನಡುವೆ ಮರಾಠಿ ಮಾತಾಡುವ ಅಧಿಕಾರಿ ಓದುತ್ತಾರೆ. ನಮ್ಮವರು ನಮ್ಮವರಿಗೆ ಎಂಬ ಧ್ವನಿ ಅಲ್ಲಿ ಕೇಳಿಸಿದರೆ ಫಾರ್ವರ್ಡ್ ಮಾಡುವ ಕೈ ಹಿಂಜರಿಯುತ್ತದೆ.

ಆಮೇಲೆ

ಒಂದು ವಾರ ಕಾದಳು. ಆಗಸ್ಟ್ 20, ಬುಧವಾರ ಅದೇ ಮೇಲ್‌ಗೆ ಉತ್ತರವಾಗಿ ಎರಡು ಸಾಲು: “ಸರ್, ಕೆಳಗಿನ ಕೋರಿಕೆಯನ್ನು ನೆನಪಿಸುತ್ತಿದ್ದೇನೆ. ಈ ವಾರ ಆಗದಿದ್ದರೆ ವಿಸರ್ಜನೆಯ ಮೇಲೆ ಬರೆಯುತ್ತೇನೆ.” ಹೊಸ ಮೇಲ್ ತೆರೆಯಬಾರದು, ತೆರೆದರೆ ಟಿಪ್ಪಣಿಯೂ ಸಿವಿಯೂ ಹಳೆಯದರಲ್ಲೇ ಉಳಿದು, ಅವರು ಮತ್ತೆ ಹುಡುಕಬೇಕಾಗುತ್ತದೆ. ಮರುದಿನ ಟಿಪಿಒ ಫಾರ್ವರ್ಡ್ ಮಾಡಿದರು. ಮೇಲೆ ಅವರು ಸೇರಿಸಿದ್ದು ಒಂದೇ ಸಾಲು, ‘ನಮ್ಮ ವಿದ್ಯಾರ್ಥಿನಿ, ಸಾಧ್ಯವಾದರೆ ಮಾತಾಡಿ’. ಶನಿವಾರ ಸೀನಿಯರ್ ಉತ್ತರಿಸಿ, ಸೋಮವಾರ ರಾತ್ರಿ ಎಂಟೂವರೆಗೆ ಸಮಯ ಕೊಟ್ಟರು.

ಆ ಮೇಲ್‌ಗೆ ಅವಳು ಅದೇ ದಿನ ಉತ್ತರಿಸಿದಳು. ಸಮಯವನ್ನು ಖಚಿತಪಡಿಸಿ, ಟಿಪಿಒಗೆ ಧನ್ಯವಾದ ಹೇಳಿ, ‘ಇನ್ನು ಮುಂದಿನ ಮೇಲ್‌ಗಳಿಂದ ನಿಮ್ಮನ್ನು ಬಿಡುತ್ತೇನೆ ಸರ್’ ಎಂದು ಬರೆದಳು. ಪರಿಚಯ ಮಾಡಿಸಿದವರನ್ನು ಹತ್ತು ಮೇಲ್‌ಗಳ ಉದ್ದಕ್ಕೂ ಪ್ರತಿಯಲ್ಲಿ ಎಳೆದುಕೊಂಡು ಹೋಗುವುದು ಸಾಮಾನ್ಯವಾಗಿ ಆಗುವ ತಪ್ಪು. ಅದಕ್ಕಿಂತ ಕೆಟ್ಟದ್ದು, ಪರಿಚಯವಾದ ಮೇಲೆ ಎರಡು ದಿನ ಸುಮ್ಮನಿರುವುದು.

ಫೋನಿನಲ್ಲಿ ಸೀನಿಯರ್ ಎರಡು ನಿಮಿಷ ಇಂಗ್ಲಿಷ್ ಆಡಿ, “ನೀ ಎಲ್ಲಿಯಾಕಿ?” ಎಂದು ಕೇಳಿದರು. “ಜಮಖಂಡಿ ಕಡೆಯವರ್ರೀ ಅಕ್ಕ, ನಿಗಡಿಯೊಳಗ ಇರ್ತೀವಿ.” ಅಲ್ಲಿಂದ ಮಾತು ಕನ್ನಡಕ್ಕೆ ಹೊರಳಿತು, ಆದರೆ ಕೇಳಿದ ಪ್ರಶ್ನೆಗಳು ಗಟ್ಟಿಯೇ: ಹತ್ತು ಬಿಡಿಭಾಗಗಳನ್ನು ಹೇಗೆ ಆರಿಸಿದಿ, ಒಂದೇ ಬ್ಯಾಚಿನವೋ ಬೇರೆಬೇರೆಯವೋ, ಅಳೆಯುವವರಿಗೆ ತಮ್ಮ ಹಿಂದಿನ ಅಳತೆ ಕಾಣುತ್ತಿತ್ತೇ? ಬಿಡಿಭಾಗಗಳು ಒಂದಕ್ಕೊಂದು ತೀರಾ ಹತ್ತಿರವಿದ್ದರೆ ಗೇಜು ಚೆನ್ನಾಗಿದ್ದರೂ ಶೇಕಡಾ ಹೆಚ್ಚು ಬರುತ್ತದೆ, ಹಿಂದಿನ ಅಳತೆ ಕಂಡರೆ ಸುಳ್ಳೇ ಕಡಿಮೆ ಬರುತ್ತದೆ. ಅವಳು ಅಳೆಯುವ ಕ್ರಮವನ್ನು ಕಲಸಿ, ಹಾಳೆಯನ್ನು ತಾನೇ ಹಿಡಿದು ಬರೆದುಕೊಂಡಿದ್ದಳು. ಹಾಗಾಗಿ ಉತ್ತರವಿತ್ತು.

ಅಕ್ಕ ಹೇಳಿದ್ದರಲ್ಲಿ ಎರಡು ಸಂಗತಿ ಮುಖ್ಯ. ಅವರ ಕಾರ್ಖಾನೆ ಹೊಸಬರನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಕೇಂದ್ರ ಸರ್ಕಾರದ ಎನ್‌ಎಟಿಎಸ್ ಯೋಜನೆಯ ಅಪ್ರೆಂಟಿಸ್ ಆಗಿ ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತದೆ, ಅದಕ್ಕೆ nats.education.gov.in ನಲ್ಲಿ ಮೊದಲೇ ಹೆಸರು ನೋಂದಾಯಿಸಿರಬೇಕು. ಪಶ್ಚಿಮ ವಲಯದಲ್ಲಿ ಈ ಯೋಜನೆಯನ್ನು ನೋಡಿಕೊಳ್ಳುವುದು ಮುಂಬೈಯ ಅಪ್ರೆಂಟಿಸ್ ತರಬೇತಿ ಮಂಡಳಿ. ಎರಡನೆಯದು, ಅವರಿಗೆ ಮಾಲು ಕೊಡುವ ತಳವಡೆಯ ವರ್ಕ್‌ಶಾಪೊಂದರಲ್ಲಿ ಫೈನಲ್ ಇನ್‌ಸ್ಪೆಕ್ಷನ್‌ಗೆ ಜನ ಬೇಕಾಗಿದ್ದಾರೆ. ಹೊಸ ಬಿಡಿಭಾಗಕ್ಕೆ ಒಪ್ಪಿಗೆ ಪಡೆಯಲು ಕೊಡುವ ಪಿಪಿಎಪಿ ಕಡತದಲ್ಲಿ ಇದೇ ಆರ್ ಅಂಡ್ ಆರ್ ಹಾಳೆಗಳು ಬೇಕು, ಅವರಲ್ಲಿ ಅದನ್ನು ಮಾಡುವವರಿಲ್ಲ. “ಬೇಕಾದ್ರ ನಿನ್ನ ಸಿವಿ ಅವ್ರಿಗೆ ಕಳಸ್ಲಿ?” ಎಂದು ಅಕ್ಕನೇ ಕೇಳಿದರು. ಹುಡುಗಿ ಅಲ್ಲಿಯವರೆಗೆ ಕೆಲಸದ ಮಾತೇ ಎತ್ತಿರಲಿಲ್ಲ.

ಈ ಎರಡರಲ್ಲಿ ಆಯ್ಕೆ ಮಾಡುವಾಗ ಒಂದು ನಿಯಮ ನೆನಪಿಡಬೇಕು. ಒಂದು ವರ್ಷ ಅಥವಾ ಹೆಚ್ಚಿನ ಕೆಲಸದ ಅನುಭವವಾದವರಿಗೆ ಎನ್‌ಎಟಿಎಸ್‌ನ ಬಾಗಿಲು ಮುಚ್ಚುತ್ತದೆ. ಅವಳು ಆ ರಾತ್ರಿಯೇ ಪೋರ್ಟಲ್‌ನಲ್ಲಿ ಹೆಸರು ಹಾಕಿದಳು, ವರ್ಕ್‌ಶಾಪಿಗೂ ಸಿವಿ ಹೋಗಲಿ ಎಂದಳು.

ಮರುದಿನ ಟಿಪಿಒಗೆ ಮೂರು ಸಾಲು ಹೋಯಿತು: ಮಾತಾಯಿತು, ಇಂಥ ಕಡೆ ಸಿವಿ ಹೋಗಿದೆ, ನೇಮಕ ಪತ್ರ ಬಂದರೆ ಪ್ರತಿ ಕಳಿಸುತ್ತೇನೆ. ಎಕ್ಸೆಲ್ ಖಾನೆ ತುಂಬಲು ಸೆಲ್‌ಗೆ ಬೇಕಿರುವುದು ಆ ಪ್ರತಿಯೇ, ಬಾಯಿಮಾತು ಸಾಲದು. ಮುಂದೊಮ್ಮೆ ಇನ್ನೊಂದು ಕೋರಿಕೆ ಇಟ್ಟರೆ ತೆರೆದುಕೊಳ್ಳುವುದೂ ಇಂಥ ಮೂರು ಸಾಲು ಬರೆದವರ ಮೇಲ್ ತಾನೇ.

ಎರಡನೇ ಮೇಲ್‌ಗೂ ಉತ್ತರ ಬರದಿದ್ದರೆ? ನೆನಪಿಸಿದ ಮೇಲೆ ಇನ್ನೂ ಹತ್ತು ದಿನ ಬಿಟ್ಟು ಒಮ್ಮೆ ಖುದ್ದಾಗಿ ಹೋಗಬಹುದು, ಡ್ರೈವ್ ಇಲ್ಲದ ದಿನ, ಮಧ್ಯಾಹ್ನ ನಾಲ್ಕರ ಮೇಲೆ. ಗುರುತಿನ ಚೀಟಿ ಹಿಂದಿರುಗಿಸಿರುವುದರಿಂದ ಗೇಟಿನಲ್ಲಿ ಯಾರನ್ನು ಕಾಣಬೇಕೆಂದು ಕೇಳುತ್ತಾರೆ. ಮೇಲ್‌ನ ಪ್ರಿಂಟ್ ಕೈಯಲ್ಲಿದ್ದರೆ ಅಲ್ಲೂ ಒಳಗೂ ಅದನ್ನೇ ತೋರಿಸಿದರಾಯಿತು. ಟಿಪಿಒ ಸಿಗದಿದ್ದರೆ ವಿಭಾಗದ ಪ್ಲೇಸ್‌ಮೆಂಟ್ ಸಂಯೋಜಕ ಅಧ್ಯಾಪಕರ ಬಳಿ ಅದೇ ಕೋರಿಕೆ, ಅದೇ ಟಿಪ್ಪಣಿ. ಅಲ್ಲೂ ಆಗದಿದ್ದರೆ ಆ ಸೀನಿಯರ್‌ರನ್ನು ಬಿಟ್ಟು, ಪಟ್ಟಿಯ ಉಳಿದ ಎಂಟು ಕಂಪನಿಗಳನ್ನು ಮತ್ತೆ ತೆರೆಯಬೇಕು.

ಇನ್ನೊಂದು ಎಚ್ಚರ. ಹೀಗೆ ಕಾಯುವ ದಿನಗಳಲ್ಲೇ ‘ಆಫ್ ಕ್ಯಾಂಪಸ್ ಡ್ರೈವ್, ನೋಂದಣಿ ಶುಲ್ಕ ಇಷ್ಟು’ ಎಂಬ ಸಂದೇಶಗಳು ಫೋನಿಗೆ ಬರುತ್ತವೆ, ಕೆಲವು ಸಲ ಕಾಲೇಜಿನ ಲಾಂಛನ ಹಚ್ಚಿಕೊಂಡೇ. ಅಂಥದನ್ನು ಸೆಲ್‌ಗೆ ಫಾರ್ವರ್ಡ್ ಮಾಡಿ ‘ಇದು ನಿಮ್ಮದೇ?’ ಎಂದು ಕೇಳಬಹುದು. ಆ ಉತ್ತರ ಬರುವವರೆಗೆ ಹಣ ಜೇಬಿನಲ್ಲೇ ಇರಲಿ.